ಅರ್ಧ ಮಾಲು ಈಗ, ಉಳಿದದ್ದು ಆಮೇಲೆ: ಗ್ರಾಹಕರಿಗೆ ಹೇಳುವುದು ಹೇಗೆ?

ಪ್ರಶ್ನೆ: "ಆರ್ಡರ್ ಕೊಟ್ಟಷ್ಟು ಮಾಲು ನಮ್ಮಲ್ಲಿ ಸ್ಟಾಕ್ ಇಲ್ಲ, ಉಳಿದದ್ದು ಕಂಪನಿಯಿಂದ ಬರಬೇಕು. ಇದ್ದಷ್ಟು ಕಳಿಸಿ, ಬಾಕಿಗೆ ಬೇರೆ ಬಿಲ್ ಮಾಡ್ತೀನಿ ಅಂತ ಪಾರ್ಟಿಗೆ ಹೇಗೆ ಹೇಳೋದು?"

ಚಿಕ್ಕಮಗಳೂರಿನಲ್ಲಿ ಸ್ಪ್ರಿಂಕ್ಲರ್ ಪೈಪಿನ ಹೋಲ್‌ಸೇಲ್ ನಮ್ಮದು. ರೊಬಸ್ಟಾ ತೋಟಗಳಿಗೆ ಹೂವಿಗೆ ನೀರು ಹೊಡೆಯುವ ಫೆಬ್ರವರಿ, ಮಾರ್ಚಿನಲ್ಲೇ ನಮಗೂ ಈ ಕಷ್ಟ ಬರುವುದು. ಮೂಡಿಗೆರೆಯ ಅಂಗಡಿಯವರೊಬ್ಬರು 100 ಪೈಪ್ ಕೇಳಿದ್ದರು, ಗೋಡೌನಿನಲ್ಲಿ ಇದ್ದದ್ದು 60. ಸಾಗಿಸುವ ಮುಂಚೆಯೇ ಅವರಿಗೆ ಹೀಗೆ ವಾಟ್ಸಾಪ್ ಹಾಕಿದೆ:

"ನಮಸ್ಕಾರ ಸರ್. ನಿಮ್ಮ 100 ಪೈಪಿನಲ್ಲಿ 60 ರೆಡಿ ಇದೆ. ಬೆಂಡು, ಜೆಟ್ಟು ಸಮೇತ ನಾಳೆ ಬೆಳಗ್ಗೆ ಕಳಿಸ್ತೀನಿ. ಉಳಿದ 40 ಕಂಪನಿಯಿಂದ ಬರಬೇಕು, ಫೆಬ್ರವರಿ 21ಕ್ಕೆ ನಿಮ್ಮ ಅಂಗಡಿಗೆ ಇಳಿಸ್ತೀನಿ. ನಾಳೆ 60ಕ್ಕೆ ಮಾತ್ರ ಬಿಲ್. 40ಕ್ಕೆ ಅದು ಹೊರಡುವ ದಿನ ಬೇರೆ ಬಿಲ್, ರೇಟ್ ಇದೇ. ಎರಡನೇ ಗಾಡಿ ಬಾಡಿಗೆ ನಮ್ಮದು. ಅಲ್ಲೀವರೆಗೆ ಕಾಯೋಕೆ ಆಗಲ್ಲ ಅಂದ್ರೆ ಇವತ್ತು ಸಂಜೆಯೊಳಗೆ ಹೇಳಿ, 40ನ್ನು ಕ್ಯಾನ್ಸಲ್ ಮಾಡ್ತೀನಿ."

ಬೆಂಡು, ಜೆಟ್ಟು ಸಮೇತ ಅಂತ ಬರೆದದ್ದಕ್ಕೆ ಕಾರಣವಿದೆ. ಬರೀ ಪೈಪ್ ಹೋದರೆ ತೋಟದಲ್ಲಿ ಒಂದು ಲೈನೂ ಓಡುವುದಿಲ್ಲ. ಮೊದಲ ಲೋಡು ಅದರಷ್ಟಕ್ಕೇ ಕೆಲಸಕ್ಕೆ ಬರುವ ಹಾಗೆ ವಿಂಗಡಿಸಿ.

ಎರಡು ಬಿಲ್ ಅಂದ ಕೂಡಲೇ ಕೆಲವರಿಗೆ ಅನುಮಾನ ಬರುತ್ತದೆ. ಅದರಿಂದ ಅವರಿಗೇ ಅನುಕೂಲ ಅಂತ ಬಿಡಿಸಿ ಹೇಳಿ. ಒಂದು ವರ್ಷ ನಾನು ಒಬ್ಬ ಪಾರ್ಟಿಯ ಪೂರ್ತಿ ಆರ್ಡರಿಗೆ ಮೊದಲ ದಿನವೇ ಬಿಲ್ ಮಾಡಿಬಿಟ್ಟೆ. ಒಂದೇ ಬಿಲ್ಲಿನ ಮಾಲು ಕಂತಿನಲ್ಲಿ ಬಂದರೆ, ಕೊನೇ ಕಂತು ಕೈಸೇರಿದ ಮೇಲೇ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗುವುದು. ಬಾಕಿ ಮಾಲು ಮುಂದಿನ ತಿಂಗಳಿಗೆ ಹೋಯಿತು. ಕೈಗೆ ಬಂದ ಮಾಲಿನ ಕ್ರೆಡಿಟ್ಟನ್ನೂ ಅವರ ಆಡಿಟರು ತಡೆಹಿಡಿದರು. ತಪ್ಪು ಪೂರ್ತಿ ನನ್ನದೇ. ಈಗ ಹೋದಷ್ಟಕ್ಕೇ ಬಿಲ್. ಎರಡರಲ್ಲೂ ಅದೇ ಆರ್ಡರ್ ನಂಬರ್ ಹಾಕಿ, ಮೊದಲನೆಯದರಲ್ಲಿ "ಬಾಕಿ 40" ಅಂತ ಬರೆಯುತ್ತೇನೆ. ಉದ್ದರಿ ದಿನಗಳನ್ನೂ ಆಯಾ ಬಿಲ್ಲಿನ ತಾರೀಖಿನಿಂದಲೇ ಎಣಿಸುವುದು. ಇ-ವೇ ಬಿಲ್ಲೂ ಹಾಗೆಯೇ: ಯಾವ ಲೋಡು 50,000 ರೂಪಾಯಿ ದಾಟುತ್ತದೋ ಅದಕ್ಕೆ, ಆ ಲೋಡಿನ ಬಿಲ್ಲಿನ ಮೇಲೆ.

ತಾರೀಖಿನ ವಿಷಯದಲ್ಲಿ ಹುಷಾರು. ಕಂಪನಿಯವರು 18 ಅಂದದ್ದು ಅವರ ಗೇಟಿನಿಂದ ಲಾರಿ ಹೊರಡುವ ದಿನ. ನಮ್ಮಲ್ಲಿಗೆ ಬರಲು ಎರಡು ದಿನ, ಇಳಿಸಿ ಎಣಿಸಿ ಮೂಡಿಗೆರೆಗೆ ಕಳಿಸಲು ಇನ್ನೊಂದು ದಿನ ಸೇರಿಸಿ 21 ಅಂದೆ. "ಮುಂದಿನ ವಾರ" ಅನ್ನಲೇಬೇಡಿ, ಆ ಅಂಗಡಿಯವರು ತೋಟದವರಿಗೆ ಮಾತು ಕೊಡಬೇಕಲ್ಲ. 18ರ ಸಂಜೆಯೊಳಗೆ ಲಾರಿ ನಂಬರ್ ಬರದಿದ್ದರೆ ಅವರು ಕೇಳುವ ತನಕ ಕಾಯದೆ ಅಂದೇ ಫೋನ್ ಮಾಡಿ ಹೊಸ ತಾರೀಖು ಹೇಳಿ, ಬಾಕಿ ಬೇಕೋ ಬೇಡವೋ ಅಂತ ಮತ್ತೊಮ್ಮೆ ಕೇಳಿ.