ಪ್ಲಗ್ ತೆಗೆಯಲು ದೊಡ್ಡ ಪೈಪ್ ಬೇಕಾ, ದೊಡ್ಡ ಪಂಪ್ ಬೇಕಾ?

ಪ್ರಶ್ನೆ: ನಮ್ಮ ಸ್ಲರಿ ಬಿಂಗ್‌ಹ್ಯಾಮ್ ಪ್ಲಾಸ್ಟಿಕ್. ಒಳವ್ಯಾಸ 100 ಮಿ.ಮೀ. ಪೈಪ್, 200 ಮೀಟರ್ ಉದ್ದ. ಲೆಕ್ಕದಲ್ಲಿ ನಡುವೆ 30 ಮಿ.ಮೀ. ರೇಡಿಯಸ್‌ನ ಪ್ಲಗ್ ಬರ್ತಿದೆ. ಲೈನ್ ಕಟ್ಟಿಕೊಳ್ಳಬಾರದು ಅಂದ್ರೆ ಈ ಪ್ಲಗ್ ತೆಗೀಬೇಕಲ್ವಾ? ದೊಡ್ಡ ಪೈಪ್ ಹಾಕಲೋ, ದೊಡ್ಡ ಪಂಪೋ?

ಸದ್ಯಕ್ಕೆ ಎರಡೂ ಬೇಡ. ಆ ಪ್ಲಗ್‌ಗೂ ಲೈನ್ ಕಟ್ಟಿಕೊಳ್ಳುವುದಕ್ಕೂ ಸಂಬಂಧವೇ ಇಲ್ಲ. ಇದನ್ನು ನಾನು ಕಲಿತದ್ದು ಒಂದು ಗಣಿಯಲ್ಲಿ, ತಿಕ್ಕನರ್ ಕೆಳಗಿನಿಂದ ಹೊರಡುವ ಟೈಲಿಂಗ್ಸ್ ಲೈನಿನ ಮೇಲೆ. ಅದೂ ಸುಮಾರು ನಿಮ್ಮದೇ ಅಳತೆಯ ಲೈನು.

ನಮ್ಮ ಸ್ಲರಿಯ ಯೀಲ್ಡ್ ಸ್ಟ್ರೆಸ್ 30 ಪ್ಯಾಸ್ಕಲ್ ಅಂತ ಲ್ಯಾಬ್ ವರದಿ ಬಂದಿತ್ತು. ಪ್ಲಾಸ್ಟಿಕ್ ಸ್ನಿಗ್ಧತೆ 0.1 ಪ್ಯಾಸ್ಕಲ್-ಸೆಕೆಂಡ್. ಕಾಗದ ಹಿಡಿದು ಕೂತೆ. ಪೈಪಿನೊಳಗೆ r ರೇಡಿಯಸ್‌ನ ಒಂದು ಸಿಲಿಂಡರ್ ಊಹಿಸಿಕೊಳ್ಳಿ. ಒತ್ತಡ ಅದರ ಮುಖವನ್ನು ತಳ್ಳುತ್ತದೆ, ಸುತ್ತಲಿನ ಸ್ಲರಿ ಅದರ ಮೈಯನ್ನು ಹಿಡಿದೆಳೆಯುತ್ತದೆ. ಎರಡನ್ನೂ ಸರಿದೂಗಿಸಿದರೆ ಸಿಗುವುದು ಇಷ್ಟೇ:

```
τ = ΔP·r / (2L)
r_plug = 2·τy·L / ΔP
```

ನಟ್ಟನಡುವೆ ಶಿಯರ್ ಸ್ಟ್ರೆಸ್ ಸೊನ್ನೆ, ಗೋಡೆಯ ಹತ್ತಿರ ಗರಿಷ್ಠ. ಯೀಲ್ಡ್ ಸ್ಟ್ರೆಸ್ ದಾಟದ ಜಾಗದಲ್ಲಿ ಸ್ಲರಿ ಒಳಗೊಳಗೇ ಜಾರುವುದಿಲ್ಲ, ಒಂದೇ ಗಟ್ಟಿ ಕಂಬಿಯ ಹಾಗೆ ಇಡಿಯಾಗಿ ಮುಂದೆ ಹೋಗುತ್ತದೆ. ಅದೇ ಪ್ಲಗ್. ಅದು ನಿಂತಿಲ್ಲ, ಪೈಪಿನಲ್ಲೇ ಎಲ್ಲಕ್ಕಿಂತ ಜೋರಾಗಿ ಹೋಗುವ ಭಾಗ ಅದು. ಹರಿವು ಲ್ಯಾಮಿನಾರ್ ಆಗಿರುವವರೆಗೆ ನೀವು ಎಷ್ಟೇ ಒತ್ತಡ ಕೊಡಿ, ನಡುವೆ ಸೊನ್ನೆ ಸೊನ್ನೆಯೇ. ಪ್ಲಗ್ ಸಣ್ಣದಾಗುತ್ತದೆ, ಹೋಗುವುದಿಲ್ಲ.

4 ಬಾರ್ ಕೊಟ್ಟರೆ ನನಗೂ 30 ಮಿ.ಮೀ. ಬಂತು, ನಿಮ್ಮ ಹಾಗೆಯೇ. ಗೋಡೆಯಲ್ಲಿ 50 ಪ್ಯಾಸ್ಕಲ್. ಬಕಿಂಗ್‌ಹ್ಯಾಮ್-ರೈನರ್ ಸಮೀಕರಣಕ್ಕೆ ಹಾಕಿದರೆ ಸೆಕೆಂಡಿಗೆ ಸುಮಾರು 12 ಲೀಟರ್.

```
Q = (πR⁴ΔP / 8μL)·[1 − (4/3)x + (1/3)x⁴],   x = τy/τw
```

ಇಲ್ಲಿ ಒಂದು ಮಾತು. ಆ ಕೊನೆಯ x⁴ ಚಿಕ್ಕದು ಅಂತ ಕೆಲವರು ಬಿಟ್ಟುಬಿಡುತ್ತಾರೆ. x 0.4ರ ಕೆಳಗಿದ್ದರೆ ನಡೆಯುತ್ತದೆ. ಆದರೆ ಇದೇ ಲೈನಿಗೆ 3 ಬಾರ್ ಕೊಟ್ಟು ನೋಡಿ. x 0.8 ಆಗುತ್ತದೆ, ಕೊನೆಯ ಪದ ಬಿಟ್ಟರೆ ಹರಿವು ಮೈನಸ್ ಬರುತ್ತದೆ! ಪದ ಇಟ್ಟುಕೊಂಡರೆ ಸೆಕೆಂಡಿಗೆ 2.6 ಲೀಟರ್. ಒತ್ತಡ ಕಾಲು ಭಾಗ ಇಳಿದದ್ದಕ್ಕೆ ಹರಿವು ಸುಮಾರು ಐದನೇ ಒಂದು ಭಾಗಕ್ಕೆ ಕುಸಿಯಿತು. ಯೀಲ್ಡ್ ಹತ್ತಿರ ಲೈನ್ ನಡೆಸುವವರಿಗೆ ಇದು ತಿಳಿದಿರಲೇಬೇಕು.

ಹರಿವು ಶುರುವಾಗಲು ಬೇಕಾದ ಒತ್ತಡ 4·τy·L/D, ಅಂದರೆ 2.4 ಬಾರ್. ನಡೆಸಲು 4. ಸ್ವಲ್ಪ ಕೈ ಬಿಟ್ಟು 5 ಬಾರ್ ಕೊಡುವ ಸೆಂಟ್ರಿಫ್ಯೂಗಲ್ ಪಂಪ್ ಆರಿಸಿದೆ. ಲೈನ್ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ರಾತ್ರಿ ಕರೆಂಟ್ ಹೋಯಿತು, ಬೆಳಿಗ್ಗೆ ಬಂತು. ಪಂಪ್ ಆನ್ ಮಾಡಿದರೆ ಗೇಜ್ 5 ಬಾರಿಗೆ ಹೋಗಿ ನಿಂತಿತು. ಆಚೆ ತುದಿಯಲ್ಲಿ ಒಂದು ಹನಿಯೂ ಇಲ್ಲ.

ಎಲ್ಲರೂ ಕಲ್ಲು ಸಿಕ್ಕಿದೆ, ಬೆಂಡಿನಲ್ಲಿ ಮರಳು ಕೂತಿದೆ ಅಂತ ಹುಡುಕಿದರು. ಏನೂ ಇರಲಿಲ್ಲ. ತಪ್ಪಿದ್ದದ್ದು ನನ್ನ ಆ 30ರಲ್ಲಿ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲ್ಯಾಬಿನವರು ಸ್ಯಾಂಪಲನ್ನು ಚೆನ್ನಾಗಿ ಕಲಕಿ, ರಿಯೋಮೀಟರಿನಲ್ಲಿ ಜೋರಾಗಿ ತಿರುಗಿಸಿ, ಬಂದ ಬಿಂದುಗಳಿಗೆ ನೇರ ಗೆರೆ ಎಳೆದು, ಅದನ್ನು ಹಿಂದಕ್ಕೆ ಸೊನ್ನೆ ಶಿಯರ್ ರೇಟ್‌ವರೆಗೆ ಚಾಚಿದ್ದರು. ಗೆರೆ ಸ್ಟ್ರೆಸ್ ಅಕ್ಷವನ್ನು ಮುಟ್ಟಿದ ಕಡೆ 30. ಅದು ನಡೆಯುತ್ತಿರುವ ಸ್ಲರಿಯ ಸಂಖ್ಯೆ. ನಡೆಯುವ ಲೆಕ್ಕಕ್ಕೆ ಅದು ಸರಿಯೇ, ನನ್ನ 12 ಲೀಟರ್ ಸುಳ್ಳಾಗಲಿಲ್ಲ. ಆದರೆ ಜೇಡಿಯಂಥ ನುಣ್ಣನೆ ಕಣಗಳಿರುವ ಸ್ಲರಿ ಸುಮ್ನೆ ನಿಂತರೆ ಕಣಗಳು ಒಂದಕ್ಕೊಂದು ಹಿಡಿದುಕೊಂಡು ಜಾಲ ಕಟ್ಟುತ್ತವೆ. ಹೊತ್ತು ಹೋದ ಹಾಗೆ ಯೀಲ್ಡ್ ಸ್ಟ್ರೆಸ್ ಏರುತ್ತದೆ. ಕಲಕಿದರೆ ಜಾಲ ಮುರಿದು ಮತ್ತೆ ಇಳಿಯುತ್ತದೆ. ಬಿಂಗ್‌ಹ್ಯಾಮ್ ಮಾದರಿಯಲ್ಲಿ ಈ ಸಮಯ ಅನ್ನುವುದೇ ಇಲ್ಲ, ಒಂದೇ τy ಇದೆ. ನಾನು ಆ ಒಂದೇ τy ತೆಗೆದುಕೊಂಡು ಓಡುವ ಲೈನಿಗೂ ಹಾಕಿದೆ, ರಾತ್ರಿ ಇಡೀ ನಿಂತ ಲೈನಿಗೂ ಹಾಕಿದೆ.

ಆಮೇಲೆ ವೇನ್ ಟೆಸ್ಟ್ ಮಾಡಿಸಿದೆವು. ನಾಲ್ಕು ರೆಕ್ಕೆಯ ಕಡ್ಡಿಯನ್ನು ಕಲಕದೆ ಬಿಟ್ಟ ಸ್ಲರಿಗೆ ಇಳಿಸಿ, ತೀರಾ ನಿಧಾನ ತಿರುಗಿಸಿ, ಟಾರ್ಕ್ ಎಲ್ಲಿ ಗರಿಷ್ಠವಾಗುತ್ತದೆ ಅಂತ ನೋಡುವುದು. ಸ್ಲರಿಗಳಿಗೆ ಇದನ್ನು 1983ರಲ್ಲಿ ಗುಯೆನ್ ಮತ್ತು ಬೋಗರ್ ಚೆನ್ನಾಗಿ ರೂಢಿಸಿಕೊಟ್ಟರು. ಮುರಿಯುವುದು ರೆಕ್ಕೆಗಳ ತುದಿ ಸುತ್ತುವ ಸ್ಲರಿಯೊಳಗೇ ಆದ್ದರಿಂದ ನುಣುಪು ಲೋಹದ ಮೇಲೆ ಜಾರಿ ಕಡಿಮೆ ತೋರಿಸುವ ತೊಂದರೆ ಇಲ್ಲ. ರಾತ್ರಿ ಬಿಟ್ಟ ಸ್ಯಾಂಪಲ್ 75 ಪ್ಯಾಸ್ಕಲ್ ತೋರಿಸಿತು. ಹಾಕಿ ನೋಡಿ: 4 × 75 × 200 / 0.1, ಅಂದರೆ 6 ಬಾರ್. ಪಂಪ್ ಕೊಡುವುದು 5. ಆ ಬೆಳಿಗ್ಗೆ ಪ್ಲಗ್‌ನ ರೇಡಿಯಸ್ ಲೆಕ್ಕದ ಪ್ರಕಾರ 60 ಮಿ.ಮೀ., ಪೈಪಿನ ರೇಡಿಯಸ್ 50. ಪ್ಲಗ್ ಪೈಪಿಗಿಂತ ದೊಡ್ಡದು ಅಂದರೆ ಹರಿವು ಇಲ್ಲ ಅಂತಲೇ ಅರ್ಥ.

ಬಿಡಿಸಿಕೊಂಡದ್ದು ಸುಲಭವಾಗಿಯೇ. ಶುರುವಿನ ಒತ್ತಡ ಉದ್ದಕ್ಕೆ ಅನುಗುಣವಾಗಿ ಏರುತ್ತದಲ್ಲ, ಅರ್ಧದಲ್ಲಿ ಫ್ಲೇಂಜ್ ಬಿಚ್ಚಿದೆವು. 100 ಮೀಟರಿಗೆ 3 ಬಾರ್ ಸಾಕು, ಅದೇ ಪಂಪ್ ತಳ್ಳಿತು. ಕೆಳಗಿನ ಅರ್ಧವನ್ನು ಮತ್ತೆ ಹಾಗೆಯೇ.

ಈಗ ನಿಮ್ಮ ದೊಡ್ಡ ಪೈಪಿನ ಯೋಚನೆ. ಮೇಲಿನ r_plug ಸೂತ್ರ ಇನ್ನೊಮ್ಮೆ ನೋಡಿ, ಅದರಲ್ಲಿ R ಇಲ್ಲವೇ ಇಲ್ಲ! ಅದೇ ಒತ್ತಡ ಕೊಟ್ಟರೆ 100ರಲ್ಲೂ 150ರಲ್ಲೂ ಪ್ಲಗ್ ಒಂದೇ ಗಾತ್ರ. ಆದರೆ ನಿಮಗೆ ಬೇಕಾದದ್ದು ನಿಗದಿತ ಹರಿವು. ನನ್ನ ಸ್ಲರಿಗೆ 150 ಮಿ.ಮೀ. ಪೈಪಿನಲ್ಲಿ ಅದೇ 12 ಲೀಟರಿಗೆ ಲೆಕ್ಕ ಹಾಕಿದರೆ 2.1 ಬಾರ್ ಸಾಕಾಗುತ್ತದೆ, ಪ್ಲಗ್ ರೇಡಿಯಸ್ ಮಾತ್ರ 58 ಮಿ.ಮೀ.ಗೆ ಬೆಳೆಯುತ್ತದೆ. ನೀವು ತೆಗೆಯಲು ಹೊರಟದ್ದು ಜಾಸ್ತಿಯಾಯಿತು. ಶುರುವಿನ ಒತ್ತಡ 6 ಬಾರಿನಿಂದ 4ಕ್ಕೆ ಇಳಿಯುತ್ತದೆ, ಅದು ನಿಜವಾದ ಲಾಭ. ಆದರೆ ವೇಗ ಸೆಕೆಂಡಿಗೆ 1.5 ಮೀಟರಿನಿಂದ 0.7ರ ಹತ್ತಿರ ಬರುತ್ತದೆ. ನಿಮ್ಮ ಸ್ಲರಿಯಲ್ಲಿ ಮರಳು ಇದ್ದರೆ ಇದು ಕೆಟ್ಟದ್ದು. ಪ್ಲಗ್‌ನೊಳಗಿನ ಮರಳನ್ನು ಯೀಲ್ಡ್ ಸ್ಟ್ರೆಸ್ ಎತ್ತಿ ಹಿಡಿಯುತ್ತದೆ, ಗೋಡೆ ಸುತ್ತ ಜಾರುತ್ತಿರುವ ಉಂಗುರದಲ್ಲಿ ಹಿಡಿಯುವುದಿಲ್ಲ. ಅಲ್ಲಿಂದ ಇಳಿದು ತಳದಲ್ಲಿ ಕೂರುತ್ತದೆ. ಗೇಜ್ ದಿನದಿಂದ ದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ಅದೇ ಗುರುತು.

ಹಾಗಾಗಿ ಮೊದಲು ಲ್ಯಾಬಿಗೆ ಒಂದು ಗಂಟೆ, ನಾಲ್ಕು ಗಂಟೆ, ಒಂದು ರಾತ್ರಿ ಬಿಟ್ಟ ಸ್ಯಾಂಪಲ್‌ಗಳ ವೇನ್ ಟೆಸ್ಟ್ ಕೇಳಿ. ನಿಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಹೋಗಬಹುದೋ ಆ ಹೊತ್ತಿನ ಸಂಖ್ಯೆಯನ್ನು 4·τy·L/Dಗೆ ಹಾಕಿ. ಪಂಪಿನ ಗರಿಷ್ಠ ಒತ್ತಡ ಅದಕ್ಕಿಂತ ಮೇಲಿದ್ದರೆ ನಿಮ್ಮ 30 ಮಿ.ಮೀ. ಪ್ಲಗ್ ಇರಲಿ ಬಿಡಿ. ಕೆಳಗಿದ್ದರೆ, ನನ್ನನ್ನು ಕೇಳಿದರೆ, ಪಂಪ್ ಬದಲಿಸುವ ಮೊದಲು ಲೈನಿನ ಅರ್ಧದಲ್ಲಿ ಒಂದು ಟೀ, ವಾಲ್ವ್ ಮತ್ತು ಡೀಸೆಲ್ ಪಂಪಿಗೆ ಜೋಡಿಸಿದ ಫ್ಲಶಿಂಗ್ ನೀರಿನ ಲೈನ್ ಹಾಕಿಸುತ್ತೇನೆ. ಕರೆಂಟ್ ಹೋದ ಕೂಡಲೇ ನೀರು ಬಿಡಬೇಕು. ಸ್ಲರಿ ಗಟ್ಟಿಯಾದ ಮೇಲೆ ಬಿಟ್ಟರೆ ನೀರು ನಡುವೆ ದಾರಿ ಕೊರೆದುಕೊಂಡು ಹೋಗಿ, ಗೋಡೆಯ ಮೇಲಿನದು ಹಾಗೇ ಉಳಿದುಬಿಡಬಹುದು.