ಬಲೆಯ ಫೋಟೊದಲ್ಲಿರುವುದು ಹಾವೋ, ಹಾವುಮೀನೋ?

ಪ್ರಶ್ನೆ: ಮಲ್ಪೆಯಲ್ಲಿ ಕೈರಂಪಣಿ ಬಲೆಗೆ ಸಿಕ್ಕಿದ್ದು ಸಾರ್. ಮೈಮೇಲೆ ಪಟ್ಟೆ ಇದೆ, ಬಾಲ ಚೂಪಾಗಿ ಕಾಣುತ್ತೆ. ಹಾವುಮೀನು ಅಂತ ಎಲ್ಲರೂ ಹೇಳ್ತಾರೆ. ಫೋಟೊ ನೋಡಿ ಹೇಳಿ.

ಇದು ಕಡಲ ಹಾವು. ಕೈಯಿಂದ ಬಿಡಿಸಿಲ್ಲ ತಾನೇ?

ಪಟ್ಟೆಯ ಮಾತು ಬಿಡಿ. ಪಟ್ಟೆ ಇರುವ ಹಾವುಮೀನೂ ಇದೆ, ಪಟ್ಟೆ ಇಲ್ಲದ ಕಡಲ ಹಾವೂ ಇದೆ. ಮೊದಲು ನೋಡಬೇಕಾದ್ದು ಬಾಲ. ಕಡಲ ಹಾವಿನ ಬಾಲ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ಆದರೆ ಹುಟ್ಟನ್ನು ಅಂಚಿನ ಕಡೆಯಿಂದ ನೋಡಿದರೆ ಅಗಲ ಕಾಣಲ್ಲ. ನಿಮ್ಮ ಫೋಟೊದಲ್ಲಿ ಆಗಿರುವುದೂ ಅದೇ. ಬಾಲವನ್ನು ಮೇಲಿನಿಂದ ತೆಗೆದಿದ್ದೀರಿ, ಅದಕ್ಕೇ ಚೂಪಾಗಿ ಕಾಣುತ್ತಿದೆ. ಹಾವುಮೀನಿಗೆ ಸಾಮಾನ್ಯವಾಗಿ ಬೆನ್ನಿನ ಈಜುರೆಕ್ಕೆ ಬಾಲ ಸುತ್ತಿ ಹೊಟ್ಟೆಯ ಕಡೆಗೂ ಬರುತ್ತದೆ. ಕೆಲವು ಜಾತಿಗಳಲ್ಲಿ ಬಾಲದ ತುದಿ ರೆಕ್ಕೆಯೇ ಇಲ್ಲದೆ ಗಟ್ಟಿಯಾಗಿ ಚೂಪಾಗಿರುತ್ತದೆ. ಸತ್ತ ಮೀನಿನಲ್ಲಿ ರೆಕ್ಕೆ ಮೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಬಾಲ ಒಂದನ್ನೇ ನಂಬಿ ತೀರ್ಪು ಕೊಡಬೇಡಿ.

ಹುರುಪೆ ನೋಡಿ. ಹಾವಿನ ಮೈಮೇಲೆ ಅದು ಕಾಣುತ್ತದೆ, ಹಾವುಮೀನಿನ ಲೋಳೆ ಮೈಮೇಲೆ ಕಾಣುವುದಿಲ್ಲ. ನಿಮ್ಮ ಫೋಟೊವನ್ನು ದೊಡ್ಡದು ಮಾಡಿದಾಗ, ಬೂತಾಯಿ ರಾಶಿಯ ಮೇಲೆ ಮೈ ಹೊರಳಿದ ಜಾಗದಲ್ಲಿ ಸಣ್ಣ ಹುರುಪೆಗಳು ಸಾಲಾಗಿ ಕಾಣುತ್ತವೆ. ಇಲ್ಲೊಂದು ಮೋಸ ಇದೆ. ಹಾವುಮೀನಿನ ಲೋಳೆ ಮೈಗೆ ಬಲೆಯ ದಾರ ಒತ್ತಿದರೆ ಚೌಕುಳಿ ಗುರುತು ಬೀಳುತ್ತದೆ. ಅದು ಬಲೆಯ ಕಣ್ಣಿನಷ್ಟೇ ದೊಡ್ಡದಿರುತ್ತದೆ, ದಾರ ತಾಗಿದ ಕಡೆ ಮಾತ್ರ ಇರುತ್ತದೆ. ಹುರುಪೆ ಹಾಗಲ್ಲ, ದಾರ ತಾಗದ ಕಡೆಯೂ ಇರುತ್ತದೆ. ಇನ್ನು ಫೋಟೊ ಮಸುಕಾಗಿ ಹುರುಪೆ ಕಾಣದಿದ್ದರೆ, ಹುರುಪೆ ಇಲ್ಲ ಅಂತ ಅರ್ಥ ಅಲ್ಲ.

ಕೊನೆಗೆ ಮೂಗು. ಕಡಲ ಹಾವು ಉಸಿರಿಗೆ ನೀರಿನ ಮೇಲೆ ಬರಲೇಬೇಕು, ಅದಕ್ಕೆ ಮೂಗಿನ ಹೊಳ್ಳೆಗಳು ಮೂತಿಯ ಮೇಲ್ಭಾಗದಲ್ಲಿವೆ. ಹಾವುಮೀನಿಗೆ ಸಾಮಾನ್ಯವಾಗಿ ಮೂತಿಯ ತುದಿಯಲ್ಲೋ ಮೇಲ್ತುಟಿಯಲ್ಲೋ ಪುಟ್ಟ ಕೊಳವೆಗಳಂತೆ ಚಾಚಿಕೊಂಡಿರುತ್ತವೆ. ತಲೆಯ ಹಿಂದೆ ಪಕ್ಕದಲ್ಲಿ ಕಿವಿರಿನ ತೂತೂ ಇರುತ್ತದೆ. ನಿಮ್ಮದರಲ್ಲಿ ಹೊಳ್ಳೆ ಮೇಲಿದೆ, ಕಿವಿರು ಇಲ್ಲ. ಮುಗೀತು.

ಇನ್ನು ಮೇಲೆ ತಲೆಯನ್ನು ಮೇಲಿನಿಂದ, ಬಾಲವನ್ನು ಪಕ್ಕದಿಂದ ತೆಗೆದು ಕಳಿಸಿ. ಅದೂ ದೂರದಿಂದ, ಝೂಮ್ ಮಾಡಿ. ಫೋಟೊ ಚೆನ್ನಾಗಿ ಬರಲಿ ಅಂತ ಬಾಲ ಎಳೆಯಬೇಡಿ.

ಪ್ರಶ್ನೆ: ಕಡಲ ಹಾವಿನ ಬಾಯಿ ಸಣ್ಣದು, ಕಚ್ಚೋಕೆ ಆಗಲ್ಲ ಅಲ್ವಾ?

ಅವುಗಳಲ್ಲಿ ಕೆಲವು ಮುಳ್ಳಿರುವ ಮೀನನ್ನೇ ಇಡಿಯಾಗಿ ನುಂಗುತ್ತವೆ, ನಿಮ್ಮ ಬೆರಳು ಯಾವ ಲೆಕ್ಕ?

ಪ್ರಶ್ನೆ: ಕಚ್ಚಿದರೆ ಹಾವಿನ ಕಲ್ಲು ಇಟ್ಟರೆ ಸಾಕಂತೆ?

ಸಾಲದು. ಕಲ್ಲು ಮಾರುವವನಿಗೆ ದುಡ್ಡು ಬರುತ್ತದೆ, ಅಷ್ಟೇ. ಕಡಲ ಹಾವು ಕಚ್ಚಿದ ಜಾಗದಲ್ಲಿ ನೋವು, ಊತ ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಕಲ್ಲಿನಿಂದಲೇ ವಾಸಿಯಾಯಿತು ಅನಿಸುತ್ತದೆ. ಆಮೇಲೆ ಮೈಕೈ ಸ್ನಾಯು ನೋವು, ಕಂದು ಮೂತ್ರ ಶುರುವಾಗುತ್ತದೆ. ಅಲ್ಲಿಯವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, ಕಡಲ ಹಾವು ಎಂದು ಮೊದಲೇ ಹೇಳಿ. ನಮ್ಮಲ್ಲಿ ಸಿಗುವ ಸಾಮಾನ್ಯ ವಿಷನಿರೋಧಕ ಮದ್ದು ನೆಲದ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು.