ಮೇಲಿನ ಮನೆಯ ನೀರು, ಕೆಳಗಿನ ಮನೆಯ ನಿದ್ದೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿರುವ ಶಿಕ್ಷಕಿ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ಮಾತು ಶುರುವಾದ ಸ್ವಲ್ಪ ಹೊತ್ತಿಗೆ ಅವರು ಕೈಚೀಲದಿಂದ ನಾಲ್ಕು ಪುಟಗಳ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಮಾಲೀಕರ ಸಂಘದ ಕಾರ್ಯದರ್ಶಿಗೆ ಬರೆದದ್ದು, ಇನ್ನೂ ಕೊಟ್ಟಿರಲಿಲ್ಲ. ಮೇಲಿನ ಮನೆಯ ಬಚ್ಚಲಿನ ನೀರು ಇವರ ಬಚ್ಚಲಿನ ಚಾವಣಿಗೆ ಇಳಿಯುತ್ತಿತ್ತು. ಬಣ್ಣ ಗುಳ್ಳೆಯೆದ್ದು ಸುಲಿದಿತ್ತು, ಗಾರೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿತ್ತು, ದೀಪದ ತಂತಿ ಹೊರಬರುವ ತೂತಿನಿಂದ ಹನಿ ಬೀಳುತ್ತಿತ್ತು. ಇಷ್ಟು ಕೇಳಿದೊಡನೆ, ಪತ್ರದ ಮಾತು ಆಮೇಲಿರಲಿ, ಆ ದೀಪದ ವಿದ್ಯುತ್ ಸಂಪರ್ಕವನ್ನು ಇವತ್ತೇ ಎಲೆಕ್ಟ್ರಿಷಿಯನ್‌ನಿಂದ ಕಡಿತ ಮಾಡಿಸಿ ಎಂದೆ. ಮನಸ್ಸಿನ ಸಂಕಟ ಕೇಳುವಾಗಲೂ ಮೊದಲು ನೋಡಬೇಕಾದದ್ದು ಜೀವಕ್ಕಿರುವ ಅಪಾಯವನ್ನೇ.

ಪತ್ರದಲ್ಲಿ ನೀರಿನ ಬಗ್ಗೆ ಇದ್ದದ್ದು ಅರ್ಧ ಪುಟ. ಉಳಿದದ್ದೆಲ್ಲ ಮೇಲಿನ ಮನೆಯ ವೃದ್ಧ ದಂಪತಿಯ ಬಗ್ಗೆ. "ರಾತ್ರಿ ಎರಡು ಗಂಟೆಗೆ ಬೇಕೆಂದೇ ನೀರು ಬಿಡುತ್ತಾರೆ" ಎಂಬ ವಾಕ್ಯಕ್ಕೆ ಎರಡು ಗೆರೆ ಎಳೆದಿದ್ದರು. ಸಂಘದವರು ಅವರೊಂದಿಗೆ ಶಾಮೀಲಾಗಿದ್ದಾರೆ ಎಂದಿತ್ತು. ದುರಸ್ತಿಯಾಗುವವರೆಗೆ ತಿಂಗಳ ನಿರ್ವಹಣಾ ಶುಲ್ಕ ಕಟ್ಟುವುದಿಲ್ಲ ಎಂಬಲ್ಲಿಗೆ ಪತ್ರ ಮುಗಿದಿತ್ತು.

ಅವರ ನಿದ್ದೆಯನ್ನು ಕೆಡಿಸಿದ್ದು ಆ ಗೆರೆ ಎಳೆದ ವಾಕ್ಯವೇ. ರಾತ್ರಿಯೆಲ್ಲ ಎದ್ದು ಕುಳಿತು ಹನಿಗಳ ಸದ್ದು ಕೇಳುತ್ತಿದ್ದರು. ಪ್ರತಿ ಹನಿಯೂ ತಮ್ಮ ಮೇಲಿನ ಹಗೆಯೆಂದೇ ಅವರಿಗೆ ತೋರುತ್ತಿತ್ತು. ಇಂತಹ ಜಗಳಗಳು ನನ್ನ ಬಳಿ ಆಗಾಗ ಬರುವುದರಿಂದ ಬಚ್ಚಲಿನ ಕಟ್ಟಡದ ಸಂಗತಿ ನನಗೆ ಸ್ವಲ್ಪ ಗೊತ್ತಿದೆ. ನಮ್ಮ ಕಡೆಯ ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಮೇಸ್ತ್ರಿಗಳು ಅದನ್ನು ಸಂಕನ್ ಎನ್ನುತ್ತಾರೆ. ಆ ತಗ್ಗಿನಲ್ಲಿ ಕೊಳವೆಗಳನ್ನು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿನಿಂದಲೋ ಕೊಳವೆಯ ಜೋಡಣೆಯಿಂದಲೋ ಇಳಿದ ನೀರು ಮೊದಲು ಆ ಇಟ್ಟಿಗೆ ಚೂರುಗಳ ನಡುವೆ ತುಂಬಿಕೊಳ್ಳುತ್ತದೆ. ಅಲ್ಲಿಂದ ಸ್ಲ್ಯಾಬಿನ ಬಿರುಕು ಹಿಡಿದು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಮಿಂದ ನೀರು ರಾತ್ರಿ ಎರಡಕ್ಕೂ ಹನಿಯುತ್ತದೆ. ಮನೆಯವರು ಊರಿಗೆ ಹೋಗಿ ನಲ್ಲಿ ಮುಟ್ಟದಿದ್ದರೂ ಕೆಲವು ದಿನ ಹನಿಯುತ್ತಲೇ ಇರುತ್ತದೆ.

ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವರು ಮಲಗಿಯೇ ಇದ್ದರೇ?" ಎಂದರು. ಇದ್ದಿರಬಹುದು ಎಂದೆ. ನಿಮಗೆ ಖಚಿತವಾಗಿ ತಿಳಿದಿರುವುದು ಹನಿಯ ಸಂಗತಿ, ಅವರ ಉದ್ದೇಶವಲ್ಲ. ಪತ್ರದಲ್ಲಿ ತಿಳಿದಿರುವುದಷ್ಟೇ ಇರಲಿ ಎಂದು ಸಲಹೆ ಕೊಟ್ಟೆ.

ಶುಲ್ಕ ನಿಲ್ಲಿಸುವ ಮಾತನ್ನು ತೆಗೆದುಬಿಡಿ ಎಂದು ಒತ್ತಿಯೇ ಹೇಳಿದೆ. ಶುಲ್ಕ ನಿಲ್ಲಿಸಿದ ದಿನದಿಂದ ನೀವು ದೂರುದಾರರಲ್ಲ, ಬಾಕಿದಾರರು. ಸಭೆಯಲ್ಲಿ ಚರ್ಚೆ ನಿಮ್ಮ ಬಾಕಿಯ ಸುತ್ತಲೇ ತಿರುಗುತ್ತದೆ. ಅದರ ಬದಲು ಸಂಘದ ಕೈಯಲ್ಲಿರುವ ಅಧಿಕಾರವನ್ನು ನೆನಪಿಸಿ ಎಂದೆ. ಅವರ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾನಿಯಾಗದಂತೆ ತುರ್ತು ದುರಸ್ತಿ ಮಾಡಲು, ಸೂಕ್ತ ವೇಳೆಯಲ್ಲಿ ಯಾವುದೇ ಮನೆಯೊಳಗೆ ಹೋಗುವ ಹಕ್ಕನ್ನು ಆ ಕಾಯ್ದೆ ಸಂಘಕ್ಕೆ ಕೊಟ್ಟಿದೆ. "ಅದು ನಿಮ್ಮಿಬ್ಬರ ಜಗಳ, ನೀವೇ ಬಗೆಹರಿಸಿಕೊಳ್ಳಿ" ಎಂದು ಸಂಘ ಕೈತೊಳೆದುಕೊಳ್ಳುವುದು ನನಗೆ ಸ್ವಲ್ಪವೂ ಸರಿಯೆನಿಸುವುದಿಲ್ಲ. ನೆರೆಹೊರೆಯವರ ನಡುವೆ ಮಾತೇ ನಿಂತುಹೋಗುವುದು ಬಹಳ ಸಲ ಅಲ್ಲಿಂದಲೇ.

ಎರಡನೆಯ ಭೇಟಿಗೆ ಅವರು ಹೊಸ ಪತ್ರ ತಂದರು. ಒಂದೇ ಪುಟ. ಮುಖ್ಯ ಭಾಗ ಹೀಗಿತ್ತು:

"ನಮ್ಮ ಮನೆಯ ಬಚ್ಚಲಿನ ಚಾವಣಿಯಲ್ಲಿ ಜೂನ್ ತಿಂಗಳಿನಿಂದ ನೀರು ಸೋರುತ್ತಿದೆ. ದಿನಾಂಕ ನಮೂದಿಸಿದ ಫೋಟೋಗಳನ್ನು ಲಗತ್ತಿಸಿದ್ದೇನೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ನಾನು ಊಹಿಸಲಾರೆ. ದಯವಿಟ್ಟು ಸಂಘದ ವತಿಯಿಂದ ಪ್ಲಂಬರ್‌ನನ್ನು ಕರೆಸಿ, ಎರಡೂ ಮನೆಯವರ ಸಮಕ್ಷಮದಲ್ಲಿ ಕೊಳವೆಗಳನ್ನೂ ಬಚ್ಚಲಿನ ನೆಲವನ್ನೂ ಪರೀಕ್ಷಿಸಬೇಕಾಗಿ ಕೋರುತ್ತೇನೆ. ಮೇಲಿನ ಮನೆಯ ಹಿರಿಯರಿಗೆ ಅನುಕೂಲವಾದ ಸಮಯಕ್ಕೆ ನಾನು ಬರಲು ಸಿದ್ಧಳಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ."

ಒಂದು ಪ್ರತಿಯ ಮೇಲೆ ಕಾರ್ಯದರ್ಶಿಯ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ, ಇನ್ನೊಂದು ಪ್ರತಿಯನ್ನು ಮೇಲಿನ ಮನೆಗೆ ನೀವೇ ಹೋಗಿ ಕೊಡಿ ಎಂದೆ. ಎರಡನೆಯದಕ್ಕೆ ಅವರು ಒಪ್ಪಲು ಹಿಂಜರಿದರು. ಬಾಗಿಲಲ್ಲಿ ಏನು ಹೇಳಬೇಕೆಂಬುದನ್ನು ನಾವು ಆಡಿ ನೋಡಿದೆವು: "ಆಂಟಿ, ಸಂಘಕ್ಕೆ ಒಂದು ಪತ್ರ ಕೊಟ್ಟಿದ್ದೇನೆ. ನಿಮಗೆ ತಿಳಿಸದೆ ಕೊಟ್ಟ ಹಾಗಾಗಬಾರದೆಂದು ಬಂದೆ." ಅಷ್ಟೇ. ಅವರು ಸಿಟ್ಟಾದರೆ ವಾದಿಸದೆ ಇಳಿದು ಬನ್ನಿ ಎಂದಿದ್ದೆ.

ಆಂಟಿ ಸಿಟ್ಟಾಗಲಿಲ್ಲ, ಅತ್ತರು. ಪಾರ್ಶ್ವವಾಯುವಾದ ಯಜಮಾನರಿಗೆ ಹಿಡಿಕೆ ಹಾಕಿಸಿದ ಬಚ್ಚಲು ಅದೊಂದೇ. ಹಿಂದೆ ಬಂದ ಗುತ್ತಿಗೆದಾರನೊಬ್ಬ, ಟೈಲ್ಸ್ ಎಲ್ಲ ಒಡೆಯಬೇಕು, ಎರಡು ವಾರ ಬಚ್ಚಲು ಮುಚ್ಚಬೇಕು ಎಂದು ಹೇಳಿ ಹೋಗಿದ್ದನಂತೆ. ಆ ಹೆದರಿಕೆಯಲ್ಲೇ ಅವರು ಬಾಗಿಲು ತೆರೆಯುವುದನ್ನು ಬಿಟ್ಟಿದ್ದರು.

ಸಂಘ ಪ್ಲಂಬರ್‌ನನ್ನು ಕಳುಹಿಸಿತು. ಆತ ಮೊದಲು ನಲ್ಲಿಗಳಿಗೆ ನೀರು ತರುವ ಕೊಳವೆಗೆ ಪಂಪು ಮತ್ತು ಮಾಪಕ ಜೋಡಿಸಿ ಒತ್ತಡ ಕೊಟ್ಟ. ಮುಳ್ಳು ಇಳಿಯಲಿಲ್ಲ, ಅಂದರೆ ಆ ಕೊಳವೆ ಸೋರುತ್ತಿರಲಿಲ್ಲ. ಬರೀ ವಾಲ್ವ್ ಮುಚ್ಚಿ ಹನಿ ನಿಂತಿತೇ ಎಂದು ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ, ಒಳಗೆ ತುಂಬಿದ ನೀರು ಹೇಗೂ ಹನಿಯುತ್ತಿತ್ತು. ಆಮೇಲೆ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಗೆ ಬಿರಡೆ ಹಾಕಿ, ಬಣ್ಣ ಬೆರೆಸಿದ ನೀರನ್ನು ನೆಲದ ಮೇಲೆ ಎರಡು ಅಂಗುಲ ನಿಲ್ಲಿಸಿದರು. ಯಜಮಾನರಿಗೆ ಆ ದಿನಗಳಿಗೆ ಕಮೋಡ್ ಕುರ್ಚಿಯನ್ನು ಬಾಡಿಗೆಗೆ ತರಲಾಯಿತು. ತಂದವರು ಕೆಳಗಿನ ಮನೆಯವರೇ. ಎರಡನೆಯ ದಿನ ಚಾವಣಿಯಲ್ಲಿ ಬಣ್ಣದ ಹನಿ ಕಂಡಿತು. ಟ್ರ್ಯಾಪಿನ ಸುತ್ತಲಿನ ಟೈಲ್ಸ್ ಮಾತ್ರ ಬಿಚ್ಚಿ ನೋಡಿದಾಗ ಅದರ ಕುತ್ತಿಗೆಯ ಜೋಡಣೆ ಬಿಟ್ಟುಕೊಂಡಿತ್ತು. ಅದನ್ನು ಬದಲಿಸಿ, ಸುತ್ತ ಜಲನಿರೋಧಕ ಬಳಿದು, ಟೈಲ್ಸ್ ಸಂದುಗಳಿಗೆ ಎಪಾಕ್ಸಿ ತುಂಬಿದರು. ಬಚ್ಚಲಿನ ಖರ್ಚು ಮೇಲಿನ ಮನೆಯದು, ಪರೀಕ್ಷೆಯ ಖರ್ಚು ಸಂಘದ್ದು ಎಂದು ಲಿಖಿತವಾಗಿ ಒಪ್ಪಿಕೊಂಡರು.

ದುರಸ್ತಿಯ ಮರುದಿನವೂ ಹನಿ ನಿಲ್ಲಲಿಲ್ಲ. ಶಿಕ್ಷಕಿ ಗಾಬರಿಯಿಂದ ಫೋನ್ ಮಾಡಿದರು. ಇಟ್ಟಿಗೆ ಚೂರುಗಳಲ್ಲಿ ಉಳಿದ ನೀರು ಇಳಿಯಲು ಕೆಲವು ವಾರ ಬೇಕು. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ವಾರಕ್ಕೊಮ್ಮೆ ಹಗಲಲ್ಲಿ ಮಾತ್ರ ನೋಡಿ, ರಾತ್ರಿ ಆ ಕೋಣೆಯ ಬಾಗಿಲು ಮುಚ್ಚಿ ಎಂದೆ. ತಿಂಗಳಾದ ಮೇಲೂ ಒದ್ದೆ ಗೆರೆಯ ಹೊರಗೆ ಹಬ್ಬುತ್ತಿದ್ದರೆ ಇಡೀ ನೆಲದ ಜಲನಿರೋಧಕವೇ ಹೋಗಿದೆ ಎಂದು ತಿಳಿದು, ಎರಡು ವಾರಗಳ ಕೆಲಸಕ್ಕೆ ಹಿರಿಯರ ವ್ಯವಸ್ಥೆಯನ್ನು ಮೊದಲೇ ಯೋಚಿಸಬೇಕಾಗುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದೆ. ಹಾಗಾಗಲಿಲ್ಲ. ಆರನೆಯ ವಾರಕ್ಕೆ ಕಲೆ ಗೆರೆಯಿಂದ ಒಳಸರಿದಿತ್ತು. ಗಾರೆ ಪೂರ್ತಿ ಒಣಗುವ ಮೊದಲು ಬಣ್ಣ ಹೊಡೆದರೆ ಮತ್ತೆ ಗುಳ್ಳೆಯೇಳುತ್ತದೆಂದು ಬಣ್ಣದ ಕೆಲಸವನ್ನು ಅವರು ಬೇಸಿಗೆಗೆ ಇಟ್ಟುಕೊಂಡಿದ್ದಾರೆ.